ಹೆಸರು ಕೇಳಿ ಪತ್ರ ಬರೆಯುವ ಮುನ್ನ

ಕಳಸದಲ್ಲಿ ಕಾಫಿಪುಡಿ ಅಂಗಡಿ ತೆರೆಯಲಿದ್ದೀರಿ. ಕಳಸೇಶ್ವರ, ಭದ್ರಾ, ಮೇರುತಿ ಎಂಬ ಮೂರು ಹೆಸರು ಆರಿಸಿಟ್ಟು ನೆಂಟರ ಮತ ಕೇಳುತ್ತೀರಿ ಎನ್ನೋಣ. ಇಲ್ಲಿ ಹಲವರು ಎಡವುವುದು ಒಂದೇ ಕಡೆ: ಹೆಸರು ಸಿಗುತ್ತದೋ ಇಲ್ಲವೋ ನೋಡದೆ ಪತ್ರ ಹಾಕಿಬಿಡುತ್ತಾರೆ. ದೊಡ್ಡಪ್ಪ ಮೆಚ್ಚಿದ ಹೆಸರು ಆಗಲೇ ಬೇರೆಯವರದಾಗಿದ್ದರೆ ಅವರಿಗೆ ಏನೆಂದು ಹೇಳುತ್ತೀರಿ?

ಆದ್ದರಿಂದ ಮೊದಲು ಪೇಟೆಯಲ್ಲಿ ವಿಚಾರಿಸಿ. ಟ್ರೇಡ್‌ಮಾರ್ಕ್ ನೋಂದಣಿಯ ಜಾಲತಾಣದಲ್ಲಿ ಕಾಫಿ ಬರುವ 30ನೇ ವರ್ಗವನ್ನೂ ಹುಡುಕಿ. ಊರು, ದೇವರು, ಹೊಳೆಯ ಹೆಸರುಗಳನ್ನು ಬೇರೆಯವರೂ ಇಟ್ಟಿರುವ ಸಾಧ್ಯತೆ ಹೆಚ್ಚು. ಅಂಗಡಿಯ ಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂಬ ನಿಯಮವೂ ಇದೆ. ಆದ್ದರಿಂದ ಪ್ರತಿ ಹೆಸರನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು, ರಸ್ತೆಯ ಆಚೆಯಿಂದ ಓದಿ ನೋಡಿ.

ಪತ್ರದಲ್ಲಿ ಪ್ರತಿ ಹೆಸರಿಗೂ ಒಂದೇ ಸಾಲಿನ ಕಾರಣ ಕೊಡಿ. ನಿಮಗೆ ಇಷ್ಟವಾದದ್ದು ಯಾವುದೆಂದು ಬರೆಯಬೇಡಿ. ಬರೆದರೆ ಎಲ್ಲರೂ ಅದಕ್ಕೇ ಹೂಂ ಅನ್ನುತ್ತಾರೆ. "ಹೇಗಿದೆ?" ಎಂದು ಕೇಳಿದರೆ "ಎಲ್ಲವೂ ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. "ಒಂದನ್ನೇ ಆರಿಸಿ, ಇಂಥ ತಾರೀಖಿನೊಳಗೆ ನನಗೊಬ್ಬನಿಗೇ ತಿಳಿಸಿ" ಎಂದು ಬರೆಯಿರಿ. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಹಿರಿಯರ ಮಾತಿನ ಮೇಲೆ ಕಿರಿಯರು ಬಾಯಿ ಬಿಡುವುದಿಲ್ಲ.

ಮತ ಸಮವಾದರೆ ತೀರ್ಮಾನ ನಿಮ್ಮದೆಂದು ಮೊದಲೇ ತಿಳಿಸಿ. ಯಾವ ಹೆಸರು ಗೆದ್ದರೂ ಮತ ಕೊಟ್ಟ ಪ್ರತಿಯೊಬ್ಬರಿಗೂ ಫಲಿತಾಂಶ ತಿಳಿಸುವುದನ್ನು ಮರೆಯಬೇಡಿ.