ಸನ್‌ರೂಫ್, ಗಾಳಿಯಾಡುವ ಸೀಟು, ದೊಡ್ಡ ಪರದೆ: ‘ಬೇಕೇ ಬೇಕು’ ಪಟ್ಟಿಯಲ್ಲಿ ಯಾವುದಕ್ಕೆ ಜಾಗ?

ಹಳೆ ಕಾರುಗಳನ್ನು ಪರೀಕ್ಷಿಸಿ ಕೊಡುವುದು ನನ್ನ ಕಸುಬು. ಅದರ ಜೊತೆಗೆ ಹೊಸ ಗಾಡಿ ಕೊಳ್ಳುವವರು ಕರೆದರೆ ಶೋರೂಮಿಗೂ ಹೋಗುತ್ತೇನೆ. ಹಾಗಾಗಿ ಒಂದೇ ವಸ್ತುವನ್ನು ಎರಡು ವಯಸ್ಸಿನಲ್ಲಿ ನೋಡುವ ಅವಕಾಶ ನನಗಿದೆ: ಶೋರೂಮಿನ ದೀಪದಡಿ ಹೊಳೆಯುವಾಗ ಒಮ್ಮೆ, ಆರೇಳು ಮಳೆಗಾಲ ಕಂಡ ಮೇಲೆ ಇನ್ನೊಮ್ಮೆ. ಈಚೆಗೆ ಬರುವವರೆಲ್ಲ ಕೇಳುವುದು ಮೂರನ್ನೇ. ಸನ್‌ರೂಫ್ ಇರಬೇಕು, ವೆಂಟಿಲೇಟೆಡ್ ಸೀಟು ಇರಬೇಕು, ಸ್ಕ್ರೀನ್ ದೊಡ್ಡದಿರಬೇಕು. ಮೂರಕ್ಕೂ ನನ್ನ ಉತ್ತರ ಬೇರೆ ಬೇರೆ.

1. ಸೌಲಭ್ಯದ ಬೆಲೆ ಕೇಳಬೇಡಿ, ವೇರಿಯಂಟಿನ ಬೆಲೆ ಕೇಳಿ

ಸನ್‌ರೂಫ್ ಒಂದನ್ನೇ ಬಿಡಿಯಾಗಿ ಮಾರುವ ಪದ್ಧತಿ ನಮ್ಮಲ್ಲಿ ಅಪರೂಪ. ಅದು ಬೇಕೆಂದರೆ ಒಂದು ಮೆಟ್ಟಿಲು ಮೇಲಿನ ವೇರಿಯಂಟಿಗೆ ಹತ್ತಬೇಕು. ಆ ಮೆಟ್ಟಿಲು ಎಲ್ಲಿದೆ ಎನ್ನುವುದರ ಮೇಲೆ ಲೆಕ್ಕ ನಿಂತಿದೆ.

ದಾವಣಗೆರೆಯ ಮೇಷ್ಟ್ರೊಬ್ಬರಿಗೆ ಹಾಕಿಕೊಟ್ಟ ಲೆಕ್ಕವನ್ನೇ ಹೇಳುತ್ತೇನೆ. ಅವರು ನೋಡಿಟ್ಟುಕೊಂಡ ಗಾಡಿಯ ಎಕ್ಸ್ ಶೋರೂಮ್ ಬೆಲೆ 9.80 ಲಕ್ಷ. ಸನ್‌ರೂಫ್ ಇರುವ ಮುಂದಿನ ವೇರಿಯಂಟ್ 10.60 ಲಕ್ಷ. “ಎಂಬತ್ತು ಸಾವಿರ ತಾನೇ ಸರ್, ಸಾಲದಲ್ಲಿ ಗೊತ್ತೇ ಆಗಲ್ಲ” ಎಂದ ಸೇಲ್ಸ್ ಹುಡುಗ. ಆದರೆ ಕರ್ನಾಟಕದಲ್ಲಿ ಕಾರಿನ ಜೀವಿತಾವಧಿ ತೆರಿಗೆ ಬೆಲೆಯ ಹಂತ ನೋಡಿ ಬದಲಾಗುತ್ತದೆ. ಪೆಟ್ರೋಲ್, ಡೀಸೆಲ್ ಗಾಡಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇ. 14, ಹತ್ತು ದಾಟಿದರೆ ಶೇ. 17. ಆ ತೆರಿಗೆಯ ಮೇಲೆ ಶೇ. 11ರ ಸೆಸ್ ಬೇರೆ. ಹತ್ತು ಲಕ್ಷದ ಮೇಲಿನ ಭಾಗಕ್ಕೆ ಮಾತ್ರ ಹೆಚ್ಚಿನ ದರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ, ಪೂರ್ತಿ ಬೆಲೆಗೂ ಹೊಸ ದರವೇ.

ಹೀಗಾಗಿ ಕೆಳಗಿನ ವೇರಿಯಂಟಿಗೆ ಸೆಸ್ ಸೇರಿ ಸುಮಾರು 1,52,300 ರೂಪಾಯಿ ತೆರಿಗೆಯಾದರೆ ಮೇಲಿನದಕ್ಕೆ ಎರಡು ಲಕ್ಷ. ವ್ಯತ್ಯಾಸ 47,700. ಎಂಬತ್ತು ಸಾವಿರ ಎಂದದ್ದು ಅಲ್ಲಿಗೆ 1,27,700 ಆಯಿತು. ಅದನ್ನು ಶೇ. 9ರ ಬಡ್ಡಿಗೆ ಐದು ವರ್ಷದ ಸಾಲದಲ್ಲಿ ಸೇರಿಸಿದರೆ ತಿಂಗಳಿಗೆ 2,650 ರೂಪಾಯಿ, ಕೊನೆಗೆ ಕೈಬಿಟ್ಟು ಹೋಗುವುದು 1.59 ಲಕ್ಷ. ಇನ್ಶೂರೆನ್ಸ್ ಕೂಡ ಸ್ವಲ್ಪ ಏರುತ್ತದೆ. ಹತ್ತು ಲಕ್ಷ ದಾಟಿದ ಗಾಡಿಗೆ ಶೇ. 1ರ ಟಿಸಿಎಸ್ ಕೂಡ ಕಟ್ಟಬೇಕು. ಅದು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಾಣಿಕೆಯಾಗುತ್ತದೆ, ಆದರೆ ಆ ದಿನ ಜೇಬಿನಿಂದಲೇ ಹೋಗಬೇಕು.

ಮೊತ್ತ ಕೇಳಿ ಮೇಷ್ಟ್ರು ಸುಮ್ಮನಾದರು. ಅವರ ಹೆಂಡತಿ ಮಾತ್ರ ಸರಿಯಾದ ಪ್ರಶ್ನೆ ಕೇಳಿದರು: “ಕೆಳಗಿನದರಲ್ಲಿ ಏನು ಸಿಗಲ್ಲ?” ಆರು ಏರ್‌ಬ್ಯಾಗ್, ಇಎಸ್‌ಸಿ, ಹಿಂದಿನ ಕ್ಯಾಮೆರಾ ಎರಡರಲ್ಲೂ ಇದ್ದವು. ಮೇಲಿನದರಲ್ಲಿ ಹೆಚ್ಚಿದ್ದದ್ದು ಸನ್‌ರೂಫ್, ಅಲಾಯ್ ಚಕ್ರ, ಲೆದರೆಟ್ ಸೀಟು, ಹಿಂದಿನ ಗಾಜಿನ ವೈಪರ್. ಈ ನಾಲ್ಕರಲ್ಲಿ ನಾನು ದುಡ್ಡು ಕೊಡುತ್ತಿದ್ದದ್ದು ವೈಪರಿಗೆ. ಅವರು ಕೆಳಗಿನದನ್ನೇ ತೆಗೆದುಕೊಂಡರು. ಒಂದು ವೇಳೆ ಏರ್‌ಬ್ಯಾಗೋ ಇಎಸ್‌ಸಿಯೋ ಮೇಲಿನದರಲ್ಲಿ ಮಾತ್ರ ಇದ್ದಿದ್ದರೆ ಇದೇ ಲೆಕ್ಕ ಹಾಕಿಯೂ ಮೇಲಿನದನ್ನೇ ಕೊಳ್ಳಿ ಎನ್ನುತ್ತಿದ್ದೆ.

2. ಸನ್‌ರೂಫ್ ನೀರನ್ನು ತಡೆಯುವುದಿಲ್ಲ, ದಾರಿ ಮಾಡಿ ಕಳಿಸುತ್ತದೆ

ಗಾಜಿನ ಸುತ್ತ ಇರುವ ರಬ್ಬರ್ ಮಳೆಯನ್ನು ಪೂರ್ತಿ ತಡೆಯುತ್ತದೆ ಎಂದು ಮಾಲೀಕರು ನಂಬಿರುತ್ತಾರೆ. ಸ್ವಲ್ಪ ನೀರು ಒಳಗಿಳಿಯುವುದು ವಿನ್ಯಾಸದಲ್ಲೇ ಇದೆ. ಗಾಜಿನ ಕೆಳಗೆ ಒಂದು ಕಾಲುವೆ, ಅದರ ಮೂಲೆಗಳಲ್ಲಿ ತೂತು, ಅಲ್ಲಿಂದ ಸಣ್ಣ ಪೈಪುಗಳು. ಮುಂದಿನ ಪೈಪುಗಳು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗಿಂದ, ಹಿಂದಿನವು ಹಿಂಬದಿಯ ಕಂಬದೊಳಗಿಂದ ಇಳಿದು ನೀರನ್ನು ಗಾಡಿಯ ಅಡಿಗೆ ಬಿಡುತ್ತವೆ. ಮರದಡಿ ನಿಲ್ಲಿಸುವ ಗಾಡಿಯಾದರೆ ಹೊಂಗೆಯ ಹೂವು, ಗುಲ್‌ಮೊಹರಿನ ಪುಡಿ ಎಲೆ, ಧೂಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಆಗ ಕಾಲುವೆ ತುಂಬಿ ನೀರು ಚಾವಣಿಯ ಬಟ್ಟೆಗೋ ಕಂಬದೊಳಗಿಂದ ಕಾಲಡಿಯ ಕಾರ್ಪೆಟ್ಟಿಗೋ ಇಳಿಯುತ್ತದೆ. ಕಾರ್ಪೆಟ್ಟಿನ ಕೆಳಗೆ ವೈರಿಂಗ್ ಇರುತ್ತದೆ ಎನ್ನುವುದೇ ನಿಜವಾದ ತಲೆನೋವು.

ಹಳೆ ಗಾಡಿ ನೋಡುವಾಗ ನಾನು ಮೊದಲು ಮೂಗಿನಿಂದ ಶುರು ಮಾಡುತ್ತೇನೆ. ಕಿಟಕಿ ಮುಚ್ಚಿ ನಿಂತಿದ್ದ ಗಾಡಿಯ ಬಾಗಿಲು ತೆರೆದಾಗ ಮುಗ್ಗಲು ವಾಸನೆ ಬಂದರೆ ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಒತ್ತಿ ನೋಡುತ್ತೇನೆ. ಚಾವಣಿಯ ಬಟ್ಟೆಯ ಮೂಲೆಯಲ್ಲಿ ಕಂದು ಅಂಚಿನ ಕಲೆ ಇದೆಯೇ ನೋಡುತ್ತೇನೆ. ಆಮೇಲೆ ಸನ್‌ರೂಫ್ ತೆರೆದು ಕಾಲುವೆಯ ಒಂದೊಂದು ಮೂಲೆಗೂ ಅರ್ಧ ಲೋಟ ನೀರು ನಿಧಾನವಾಗಿ ಬಿಡುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಗಾಡಿಯ ಅಡಿ, ಚಕ್ರದ ಹತ್ತಿರ ನೀರು ತೊಟ್ಟಿಕ್ಕಬೇಕು. ಕಾಲುವೆಯಲ್ಲೇ ನಿಂತರೆ ಪೈಪು ಕಟ್ಟಿದೆ. ಜೋರು ಗಾಳಿ ಹೊಡೆದು ಬಿಡಿಸಲು ಹೋಗಬೇಡಿ, ಪೈಪು ಜೋಡಣೆಯಿಂದ ಕಳಚಿದರೆ ಚಾವಣಿ ಬಿಚ್ಚಬೇಕಾಗುತ್ತದೆ.

ಇನ್ನು ಬಳಕೆಯ ಮಾತು. ಬಯಲುಸೀಮೆಯ ಬೇಸಿಗೆಯಲ್ಲಿ ಹಗಲು ಅದನ್ನು ಯಾರೂ ತೆರೆಯುವುದಿಲ್ಲ. ದೊಡ್ಡ ಪನೋರಮಿಕ್ ಗಾಜಾದರೆ ಕೆಳಗಿನ ಪರದೆ ಹೇಗಿದೆ ನೋಡಿ. ತೆಳು ಬಲೆಯಂಥ ಬಟ್ಟೆಯಾದರೆ ಮಧ್ಯಾಹ್ನದ ಕಾವು ನೆತ್ತಿಗೆ ತಟ್ಟುತ್ತದೆ, ಎಸಿಗೂ ಕೆಲಸ ಹೆಚ್ಚು. ಚೌಕಟ್ಟಿನಿಂದಾಗಿ ಅನೇಕ ಗಾಡಿಗಳಲ್ಲಿ ತಲೆಯ ಮೇಲಿನ ಜಾಗ ಒಂದೆರಡು ಇಂಚು ಕಡಿಮೆಯಾಗುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಯೇ ತೀರ್ಮಾನಿಸಿ. ಮಕ್ಕಳನ್ನು ಅದರಲ್ಲಿ ನಿಲ್ಲಿಸುವುದಕ್ಕಾಗಿ ಕೊಳ್ಳುವವರಿಗೆ ನನ್ನ ಬಳಿ ಮಾತಿಲ್ಲ. ಜೋರು ಬ್ರೇಕ್ ಹಾಕಿದರೆ ಗಾಜಿನ ಅಂಚು ಮಗುವಿನ ಎದೆಯ ಮಟ್ಟಕ್ಕೆ ಬರುತ್ತದೆ. ಬೆಲ್ಟಿಲ್ಲದೆ ಮಗುವನ್ನು ಕರೆದೊಯ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ ಸಾವಿರ ರೂಪಾಯಿ ದಂಡವೂ ಇದೆ.

ಒಳಗೆ ಬೆಳಕಿದ್ದರೆ ಮನಸ್ಸಿಗೆ ಹಿತ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕಪ್ಪು ಒಳಾಂಗಣದ ಗಾಡಿಯಲ್ಲಿ ಹಿಂದೆ ಕುಳಿತವರಿಗೆ ಅದು ನಿಜವಾದ ಸುಖ. ಆದರೆ ಅದು ‘ಇದ್ದರೆ ಚೆಂದ’ದ ಪಟ್ಟಿಯದು.

3. ವೆಂಟಿಲೇಟೆಡ್ ಸೀಟು ತಂಪು ಮಾಡುವುದಿಲ್ಲ

ಸೀಟಿನೊಳಗೆ ಇರುವುದು ಸಣ್ಣ ಫ್ಯಾನುಗಳು, ಮೇಲೆ ಸಣ್ಣ ಸಣ್ಣ ತೂತಿನ ಹೊದಿಕೆ. ಎಸಿಯ ಗ್ಯಾಸ್ ಸೀಟಿಗೆ ಬರುವುದಿಲ್ಲ. ಕ್ಯಾಬಿನ್ನಿನಲ್ಲಿರುವ ಗಾಳಿಯನ್ನೇ ಅದು ಬೆನ್ನಿನ ಹತ್ತಿರ ಆಡಿಸುತ್ತದೆ. ಬಿಸಿಲಲ್ಲಿ ನಿಂತ ಗಾಡಿ ಹತ್ತಿದ ತಕ್ಷಣ ಗುಂಡಿ ಒತ್ತಿ “ಬಿಸಿ ಗಾಳಿ ಬರ್ತಿದೆ” ಎಂದರೆ ತಪ್ಪು ಸೀಟಿನದಲ್ಲ. ಮೊದಲು ಎಸಿ ಒಳಗಾಳಿಯನ್ನು ತಂಪು ಮಾಡಬೇಕು, ಆಮೇಲೆ ಸೀಟು ಬೆವರು ಒಣಗಿಸುತ್ತದೆ.

ಹಾಗಿದ್ದೂ ಮೂರರಲ್ಲಿ ನಾನು ಗೌರವ ಕೊಡುವುದು ಇದಕ್ಕೇ. ರಾಯಚೂರು, ಕಲಬುರಗಿ ಕಡೆ ದಿನವಿಡೀ ಸುತ್ತುವ ಮೆಡಿಕಲ್ ರೆಪ್ ಒಬ್ಬರು ಕೇಳಿದಾಗ ಯೋಚಿಸದೆ ತಗೊಳ್ಳಿ ಎಂದೆ. ಮಂಗಳೂರಿನ ಸೆಕೆಯಲ್ಲೂ ಇದು ಕೆಲಸಕ್ಕೆ ಬರುತ್ತದೆ, ಏಕೆಂದರೆ ಎಸಿ ಹಾಕಿದ ಒಳಗಾಳಿಯಲ್ಲಿ ತೇವ ಕಡಿಮೆ. ಬೆಂಗಳೂರಿನಲ್ಲಿ ಅರ್ಧ ಗಂಟೆಯ ಆಫೀಸ್ ಓಡಾಟಕ್ಕೆ, ಅದೂ ಬೆಳಗ್ಗೆ ಸಂಜೆ ಮಾತ್ರ ಹೋಗಿ ಬರುವವರಿಗೆ, ವರ್ಷದ ಬಹುಭಾಗ ಆ ಗುಂಡಿ ಸುಮ್ಮನಿರುತ್ತದೆ.

ಒಂದು ತಮಾಷೆ ಗಮನಿಸಿ. ಕೆಳಗಿನ ವೇರಿಯಂಟಿನಲ್ಲಿ ಗಾಳಿಯಾಡುವ ಬಟ್ಟೆಯ ಸೀಟು ಇರುತ್ತದೆ. ಮೇಲಿನದಕ್ಕೆ ಹೋದರೆ ಬೆನ್ನು ಬೆವರಿಸುವ ಲೆದರೆಟ್. ಅದಕ್ಕೂ ಮೇಲೆ ಹೋದರೆ ಆ ಬೆವರು ಒಣಗಿಸಲು ಫ್ಯಾನ್. ಎಷ್ಟೋ ಜನ ಮೊದಲು ಇಲ್ಲದ ತೊಂದರೆಯನ್ನು ದುಡ್ಡು ಕೊಟ್ಟು ತಂದು, ಮತ್ತೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತಾರೆ. ಕೊಂಡ ವಾರವೇ ಮೇಲೆ ದಪ್ಪ ಸೀಟ್ ಕವರ್ ಹಾಕಿಸುವವರೂ ಇದ್ದಾರೆ. ಅಲ್ಲಿಗೆ ಫ್ಯಾನ್ ಇದ್ದೂ ಇಲ್ಲದಂತೆ.

ಪರೀಕ್ಷೆಗೆ ಮಧ್ಯಾಹ್ನ ಎರಡು ಗಂಟೆಗೆ ಟೆಸ್ಟ್ ಡ್ರೈವ್ ಕೇಳಿ. ಇಪ್ಪತ್ತು ನಿಮಿಷ ಓಡಿಸಿ ಇಳಿದು ಅಂಗಿಯ ಬೆನ್ನು ಮುಟ್ಟಿ ನೋಡಿಕೊಳ್ಳಿ. ಹೆಚ್ಚಿನ ಗಾಡಿಗಳಲ್ಲಿ ಈ ಸೌಲಭ್ಯ ಮುಂದಿನ ಎರಡು ಸೀಟಿಗಷ್ಟೇ. ವಯಸ್ಸಾದ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿ ಓಡಾಡುವವರಿಗೆ ಹಿಂದಿನ ಎಸಿ ವೆಂಟ್ ಇದಕ್ಕಿಂತ ಮುಖ್ಯ.

4. ಪರದೆಯ ಇಂಚು ಅಳೆಯಬೇಡಿ, ಉಳಿದ ಗುಂಡಿ ಎಣಿಸಿ

ದೊಡ್ಡ ಪರದೆಯಲ್ಲಿ ಮ್ಯಾಪ್ ಚೆನ್ನಾಗಿ ಕಾಣುತ್ತದೆ, ಹಿಂದಿನ ಕ್ಯಾಮೆರಾ ಚಿತ್ರ ಸ್ಪಷ್ಟ. ಅದಕ್ಕೆ ನನ್ನ ತಕರಾರಿಲ್ಲ. ಆ ಪರದೆಗೆ ಜಾಗ ಮಾಡಲು ಏನನ್ನು ಕಿತ್ತರು ಎನ್ನುವುದೇ ಪ್ರಶ್ನೆ.

ಸ್ವೀಡನ್ನಿನ ವಿ ಬಿಲಾಗಾರೆ ಎಂಬ ಕಾರು ಪತ್ರಿಕೆ 2022ರಲ್ಲಿ ಇದನ್ನು ಅಳೆದು ತೋರಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಎಸಿ, ರೇಡಿಯೊ ಮುಂತಾದ ನಾಲ್ಕು ಕೆಲಸ ಮಾಡಬೇಕು. ಗುಂಡಿಗಳೇ ಇದ್ದ 2005ರ ಹಳೆಯ ವೋಲ್ವೋದಲ್ಲಿ ಅದು ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಅಷ್ಟರಲ್ಲಿ ಗಾಡಿ ಸಾಗಿದ್ದು 306 ಮೀಟರ್. ಹೊಸ ಪರದೆಯ ಕಾರುಗಳಲ್ಲಿ ಕೊನೆಗೆ ನಿಂತದ್ದಕ್ಕೆ 44.6 ಸೆಕೆಂಡು ಬೇಕಾಯಿತು, ಅಂದರೆ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಯುರೋಪಿನ ಸುರಕ್ಷತಾ ಪರೀಕ್ಷೆ ನಡೆಸುವ ಯುರೋ ಎನ್‌ಸಿಎಪಿ 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಪ್ರತ್ಯೇಕ ಗುಂಡಿಯೋ ಕಡ್ಡಿಯೋ ಇರಬೇಕು, ಇಲ್ಲವಾದರೆ ಪೂರ್ತಿ ಅಂಕವಿಲ್ಲ ಎಂಬ ನಿಲುವಿಗೆ ಬಂದಿದೆ.

ನಮ್ಮ ದಾರಿಗೆ ಬರೋಣ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಳೆ ಹೊಡೆಯುವಾಗ ಮುಂದಿನ ಗಾಜು ಒಳಗಿನಿಂದ ಮಂಜಾಗುತ್ತದೆ. ಆಗ ಎಸಿ ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಹೊರಗಾಳಿ ಬಿಡಬೇಕು. ಒಂದೇ ಡಿಫಾಗರ್ ಗುಂಡಿ ಇದ್ದರೆ ಕೈಯಲ್ಲಿ ತಡವಿದರೆ ಸಾಕು. ಅದೇ ಕೆಲಸ ಪರದೆಯಲ್ಲಿ ಎರಡು ಪುಟದ ಒಳಗಿದ್ದರೆ ತಿರುವಿನಲ್ಲಿ ಕಣ್ಣು ರಸ್ತೆ ಬಿಡಬೇಕು. ನಲವತ್ತರ ವೇಗದಲ್ಲೂ ಎರಡು ಸೆಕೆಂಡಿಗೆ ಗಾಡಿ ಇಪ್ಪತ್ತೆರಡು ಮೀಟರ್ ಹೋಗಿರುತ್ತದೆ.

ಶೋರೂಮಿನಲ್ಲಿ ನಿಂತ ಗಾಡಿಯಲ್ಲೇ ಇದನ್ನು ನೋಡಬಹುದು. ಐದು ನಿಮಿಷ ಎಲ್ಲವನ್ನೂ ಮುಟ್ಟಿ ಪರಿಚಯ ಮಾಡಿಕೊಳ್ಳಿ. ಆಮೇಲೆ ಗೋಡೆಯ ಮೇಲಿನ ಒಂದು ಚಿತ್ರಕ್ಕೆ ಕಣ್ಣು ನೆಟ್ಟು ಎಸಿಯ ಫ್ಯಾನ್, ತಾಪ, ಡಿಫಾಗರ್, ಸದ್ದು, ಹಜಾರ್ಡ್ ಈ ಐದನ್ನೂ ಬದಲಿಸಿ. ಕಣ್ಣು ಕದಲಿಸದೆ ಆದರೆ ಪರದೆ ಎಷ್ಟು ದೊಡ್ಡದಿದ್ದರೂ ಚಿಂತೆಯಿಲ್ಲ. ಗುಂಡಿಯಂತೆ ಕಂಡರೂ ಉಬ್ಬಿಲ್ಲದ ನುಣುಪು ಪಟ್ಟಿಗಳಿವೆ, ಬೆರಳಿಗೆ ಅವು ತಿಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಅವೂ ಪರದೆಯೇ.

ಹಳೆಯದಾದಾಗಿನ ಕಥೆಯೂ ಇದೆ. ಮೊದಲೆಲ್ಲ ಸ್ಟೀರಿಯೊ ಕೆಟ್ಟರೆ ಹಾಡಷ್ಟೇ ನಿಲ್ಲುತ್ತಿತ್ತು. ಎಸಿ, ಕ್ಯಾಮೆರಾ, ಸೆಟ್ಟಿಂಗ್ ಎಲ್ಲ ಒಂದೇ ಪರದೆಯೊಳಗಿದ್ದರೆ ಅದು ಸತ್ತ ದಿನ ಅವೆಲ್ಲಕ್ಕೂ ರಜೆ. ಹೊರಗಿನ ಅಂಗಡಿಯ ಪರದೆ ಅಲ್ಲಿ ಕೂರುವುದಿಲ್ಲ, ಕಂಪನಿಯದೇ ಬೇಕು. ವಾರಂಟಿ ಮುಗಿದ ಮೇಲೆ ಅದರ ಬೆಲೆ ಎಷ್ಟೆಂದು ಬುಕ್ ಮಾಡುವ ಮುಂಚೆ ಸರ್ವಿಸ್ ಕೌಂಟರಿನಲ್ಲಿ ಕೇಳಿ. ಸೇಲ್ಸ್ ಟೇಬಲಿನಲ್ಲಿ ಉತ್ತರ ಸಿಗುವುದಿಲ್ಲ.

5. ಆಮೇಲೆ ಹಾಕಿಸಬಹುದಾದ್ದಕ್ಕೆ ಈಗ ಅವಸರ ಬೇಡ

ಸಾಧಾರಣ ಸ್ಟೀರಿಯೊ ಇರುವ ಗಾಡಿಗೆ ದೊಡ್ಡ ಪರದೆಯನ್ನು ಮುಂದೆಂದಾದರೂ ಹಾಕಿಸಬಹುದು. ವೈರ್ ಕತ್ತರಿಸದೆ ಕಪ್ಲರಿನಲ್ಲೇ ಜೋಡಿಸಿಕೊಡುವವರ ಹತ್ತಿರ ಹೋಗಿ, ವಾರಂಟಿಯ ಷರತ್ತನ್ನೂ ಓದಿಕೊಳ್ಳಿ. ಫ್ಯಾನ್ ಇರುವ ಸೀಟಿನ ಹಾಸು ಬೇರೆಯಾಗಿ ಸಿಗುತ್ತದೆ. ಸದ್ದು ಜಾಸ್ತಿ, ಆದರೆ ಬೇಸಿಗೆ ಕಳೆಯಲು ಸಾಕು. ಏರ್‌ಬ್ಯಾಗ್, ಇಎಸ್‌ಸಿ ಮಾತ್ರ ಯಾವ ಅಂಗಡಿಯಲ್ಲೂ ಹಾಕಿಕೊಡಲಾರರು.

ಸನ್‌ರೂಫ್ ಕೂಡ ಹಾಗೆಯೇ. ಚಾವಣಿ ಕೊಯ್ದು ಹಾಕಿಕೊಡುತ್ತೇವೆ ಎನ್ನುವವರು ಸಿಕ್ಕಾರು. ಗಾಡಿಯ ಬಿಗಿ ಆ ತಗಡು ಮತ್ತು ಅದರ ಅಡ್ಡ ಪಟ್ಟಿಗಳಲ್ಲೂ ಇದೆ, ಕೊಯ್ದರೆ ವಾರಂಟಿಯೂ ಹೋಯಿತು, ಇನ್ಶೂರೆನ್ಸ್ ಕ್ಲೇಮಿಗೂ ಕುತ್ತು. ಆದ್ದರಿಂದ ಸನ್‌ರೂಫಿನ ಆಸೆ ಗಟ್ಟಿಯಾಗಿದ್ದರೆ, ಮೊದಲನೆ ಭಾಗದ ಲೆಕ್ಕ ಹಾಕಿಯೂ ಅದು ಕರಗದಿದ್ದರೆ, ಕಂಪನಿಯದೇ ಇರುವ ವೇರಿಯಂಟ್ ಬುಕ್ ಮಾಡಿ. ಪ್ರತಿ ಮಳೆಗಾಲದ ಮುಂಚೆ ಸರ್ವಿಸಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ‘ಸನ್‌ರೂಫ್ ಡ್ರೈನ್ ಕ್ಲೀನಿಂಗ್’ ಎಂದು ಬರೆಸಿ. ನೀವಾಗಿಯೇ ಹೇಳದಿದ್ದರೆ ಅದನ್ನು ಮಾಡುವ ಸರ್ವಿಸ್ ಸೆಂಟರುಗಳು ಕಡಿಮೆ.