ರಾತ್ರಿಯ ಚಿತ್ರದಲ್ಲಿ ಹೊಸ ಅಕ್ಷರ

ರಾತ್ರಿ ದೀಪದ ಬೆಳಕಿನಲ್ಲಿ ತೆಗೆದ ಸಮಾರಂಭದ ಛಾಯಾಚಿತ್ರವೊಂದನ್ನು ಮುಂದಿನ ವರ್ಷದ ಆಮಂತ್ರಣಕ್ಕೆ ಬಳಸಬೇಕಾಗಿದೆ ಎಂದುಕೊಳ್ಳೋಣ. ಹಿಂದೆ ಕಟ್ಟಿದ ಬಟ್ಟೆಯ ಫಲಕದಲ್ಲಿ ಒಂದು ಸಾಲು ಖಾಲಿಯಿದೆ. ಅಲ್ಲಿ ಹೊಸ ಮಾತು ಬರೆಯಬೇಕು. ಗಣಕಯಂತ್ರದಲ್ಲಿ ಅಕ್ಷರ ಮೂಡಿಸುವುದು ಕ್ಷಣದ ಕೆಲಸ. ಆದರೆ ಮೂಡಿದ ಅಕ್ಷರ ಬಟ್ಟೆಯ ಮೇಲೆ ಬರೆದಂತೆ ಕಾಣದೆ, ಚಿತ್ರದ ಮೇಲೆ ಕಾಗದ ಅಂಟಿಸಿದಂತೆ ಕಾಣುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಬೆಳಕು ಕಡಿಮೆಯಿದ್ದಾಗ ನಾವು ಕ್ಯಾಮೆರಾದ ಐ.ಎಸ್.ಓ. ಅನ್ನು 6400ರವರೆಗೆ ಏರಿಸುತ್ತೇವೆ. ಸೆನ್ಸರಿನ ಮೇಲೆ ಬೀಳುವ ಬೆಳಕೇ ಅಲ್ಪ. ಬೆಳಕಿನ ಕಣಗಳು ಬೀಳುವುದು ಮಳೆಹನಿಗಳಂತೆ, ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ. ಸಂಕೇತವನ್ನು ಹಿಗ್ಗಿಸಿದಾಗ ಈ ಏರುಪೇರೂ ಹಿಗ್ಗಿ, ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುತ್ತದೆ. ಇದೇ ಗ್ರೇನ್. ಕ್ಯಾಮೆರಾ ತಾನೇ ಇದನ್ನು ಸವರಿ ಮೃದುಮಾಡಲು ಯತ್ನಿಸುವುದರಿಂದ, ಕಾಳುಗಳು ಒಂದೊಂದು ಪಿಕ್ಸೆಲ್ಲಿನಷ್ಟು ಸಣ್ಣದಾಗಿ ಉಳಿಯದೆ, ಎರಡು ಮೂರು ಪಿಕ್ಸೆಲ್ ಅಗಲದ ಬಣ್ಣದ ಕಲೆಗಳಾಗುತ್ತವೆ. ಆದುದರಿಂದ ನಾವು ಯಂತ್ರದಿಂದ ಹೊಸದಾಗಿ ಸಿಂಪಡಿಸುವ ಸಣ್ಣ ಕಾಳು ಇದಕ್ಕೆ ಹೊಂದದು. ಚಿತ್ರದಲ್ಲಿರುವ ಗ್ರೇನನ್ನೇ ಎರವಲು ಪಡೆಯುವುದು ಮೇಲು. ಉಚಿತವಾಗಿ ದೊರೆಯುವ ಗಿಂಪ್ ಎಂಬ ತಂತ್ರಾಂಶದಲ್ಲಿ ಇದನ್ನು ಮಾಡಬಹುದು.

ಮೊದಲು ಅಕ್ಷರವನ್ನು ಸಿದ್ಧಪಡಿಸಬೇಕು. ಅದರ ಬಣ್ಣವನ್ನು ಫಲಕದ ಹಳೆಯ ಅಕ್ಷರಗಳಿಂದಲೇ ಆರಿಸಿಕೊಳ್ಳೋಣ. ಅಚ್ಚ ಕಪ್ಪು ಸಲ್ಲದು. ಕಪ್ಪು ಸೊನ್ನೆಗೆ ಇಳಿದರೆ ಗ್ರೇನಿನ ಕತ್ತಲೆಯ ಕಾಳುಗಳಿಗೆ ಜಾಗವೇ ಇಲ್ಲದೆ, ಬಿಳಿಯ ಚುಕ್ಕೆಗಳಷ್ಟೇ ಉಳಿಯುತ್ತವೆ. ಬಳಿಕ ಚಿತ್ರವನ್ನು ಮೂರುಪಟ್ಟು ಹಿಗ್ಗಿಸಿ, ಹಳೆಯ ಅಕ್ಷರದ ಅಂಚು ಕಪ್ಪಿನಿಂದ ಬಟ್ಟೆಗೆ ತಿರುಗಲು ಎಷ್ಟು ಪಿಕ್ಸೆಲ್ ಹಿಡಿಯುತ್ತದೆಂದು ಎಣಿಸೋಣ. ಹೊಸ ಅಕ್ಷರದ ಅಂಚೂ ಅಷ್ಟೇ ಅಗಲವಾಗುವವರೆಗೆ Gaussian Blur ಕೊಡಬೇಕು. ಮಸುಕು ಮೊದಲು, ಗ್ರೇನ್ ಆಮೇಲೆ. ಈ ಕ್ರಮ ತಪ್ಪಿದರೆ ಹಾಕಿದ ಗ್ರೇನೂ ಮಸುಕಾಗುತ್ತದೆ.

ಈಗ ಗ್ರೇನನ್ನು ಬೇರ್ಪಡಿಸುವ ಬಗೆ. ಅಕ್ಷರದ ಪದರವನ್ನು ಮರೆಮಾಡಿ, ಚಿತ್ರದ ಪದರದ ಒಂದು ಪ್ರತಿ ಮಾಡಿ, ಅದಕ್ಕೆ ಸುಮಾರು 8 ಪಿಕ್ಸೆಲ್ ಮಸುಕು ಕೊಟ್ಟು, ಅದರ ರೀತಿಯನ್ನು Grain extract ಎಂದು ಬದಲಿಸಬೇಕು. ಮೂಲದಿಂದ ಮಸುಕನ್ನು ಕಳೆದಾಗ ಉಳಿಯುವುದು ಬೂದುಬಣ್ಣದ ಮೇಲಿನ ಕಾಳು ಮಾತ್ರ. New from Visible ಒತ್ತಿದರೆ ಅದು ಪ್ರತ್ಯೇಕ ಪದರವಾಗುತ್ತದೆ. ಮಸುಕು ತೀರ ಕಡಿಮೆಯಾದರೆ ಬಣ್ಣದ ದೊಡ್ಡ ಕಲೆಗಳು ಕೈತಪ್ಪುತ್ತವೆ. ತೀರ ಹೆಚ್ಚಾದರೆ ಬಟ್ಟೆಯ ಮಡಿಕೆಯೂ ಜೊತೆಗೆ ಬರುತ್ತದೆ. ಈ ಪದರದಿಂದ ಬರವಣಿಗೆಯಿಲ್ಲದ ಸಮತಟ್ಟಾದ ಬಟ್ಟೆಯ ಭಾಗವನ್ನು ಕತ್ತರಿಸಿ, ಹೊಸ ಅಕ್ಷರದ ಮೇಲೆ ಬೇರೆ ಪದರವಾಗಿ ಇಟ್ಟು, ಅದಕ್ಕೆ Grain merge ಎಂಬ ರೀತಿ ಕೊಡೋಣ. ಬೂದಿನ ಪದರ, ಮಸುಕಿನ ಪ್ರತಿ ಎರಡನ್ನೂ ಮರೆಮಾಡಿ ಅಕ್ಷರವನ್ನು ಮತ್ತೆ ತೋರಿಸಬೇಕು. ಅಕ್ಷರದ ಪದರದ ಮೇಲೆ Alpha to Selection ಒತ್ತಿ, ಆ ಆಯ್ಕೆಯನ್ನೇ ಗ್ರೇನ್ ಪದರದ ಮುಸುಕಾಗಿ ಮಾಡಿದರೆ, ಕಾಳು ಅಕ್ಷರದಾಚೆ ಹರಡದು. ಒಂದೇ ತುಂಡನ್ನು ಪದೇ ಪದೇ ಇಟ್ಟರೆ ವಿನ್ಯಾಸ ಮರುಕಳಿಸಿ ಕಣ್ಣಿಗೆ ಹೊಡೆಯುತ್ತದೆ; ಬೇರೆ ಬೇರೆ ತುಂಡುಗಳನ್ನು ಆರಿಸಬೇಕು.

ಎಷ್ಟು ಗ್ರೇನ್ ಸಾಕೆಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆಯಬಹುದು. ಒಂದು ತುಂಡು ಜಾಗವನ್ನು ಆಯ್ದುಕೊಂಡರೆ Histogram ಕಿಟಕಿಯಲ್ಲಿ Std dev ಎಂಬ ಅಂಕೆ ಕಾಣುತ್ತದೆ. ಅದೇ ಕಾಳಿನ ಒರಟುತನ. ಬಟ್ಟೆಯಲ್ಲಿ ಅದು 9, ಹಳೆಯ ಅಕ್ಷರದ ಒಳಗೆ 7 ಎಂದಿಟ್ಟುಕೊಳ್ಳೋಣ. ಬಟ್ಟೆಯಿಂದ ತಂದ ಗ್ರೇನ್ ಹೊಸ ಅಕ್ಷರದಲ್ಲಿಯೂ 9 ಆಗಿ, ಹೆಚ್ಚು ಒರಟಾಗುತ್ತದೆ. 7ನ್ನು 9ರಿಂದ ಭಾಗಿಸಿದರೆ 0.78. ಗ್ರೇನ್ ಪದರದ Opacity ಯನ್ನು 78ಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ.

ಕೊನೆಯ ಪರೀಕ್ಷೆಯನ್ನು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ನೋಡಿ ಮಾಡಬೇಕು. ಹಳದಿ ದೀಪದ ಚಿತ್ರದಲ್ಲಿ ಸಾಮಾನ್ಯವಾಗಿ ನೀಲಿಯೇ ಹೆಚ್ಚು ಒರಟು. ಅಲ್ಲಿ ಅಕ್ಷರ ನುಣುಪಾಗಿ ಕಂಡರೆ ಕೆಲಸ ಮುಗಿದಿಲ್ಲವೆಂದೇ ಅರ್ಥ. ಚಿತ್ರವನ್ನು ಚಿಕ್ಕದು ಮಾಡುವುದಿದ್ದರೆ ಇದೆಲ್ಲ ಮುಗಿದ ಬಳಿಕ ಮಾಡಬೇಕು. ಆಗ ಹಳೆಯ ಕಾಳೂ ಹೊಸ ಕಾಳೂ ಒಟ್ಟಿಗೇ ಕುಗ್ಗುತ್ತವೆ. ಇಂತಹ ಚಿತ್ರವನ್ನು ವರದಿಯ ಜೊತೆ ಅಚ್ಚುಹಾಕುವಾಗ, ಫಲಕದ ಮಾತು ಸೇರಿಸಿದ್ದೆಂದು ಅಡಿಯಲ್ಲಿ ತಿಳಿಸುವುದು ಯೋಗ್ಯ.