ಆಪ್ತ ಸಮಾಲೋಚನಾ ಕೊಠಡಿ: ಒಂದು ಪ್ರಸ್ತಾವ

ನಮ್ಮ ಕಾಲೇಜಿಗೆ ಆಪ್ತ ಸಮಾಲೋಚನಾ ಕೊಠಡಿ ಬೇಕೆಂದು ನಾನು ಕೋರುತ್ತೇನೆ. ಅದು ಸ್ಟಾಫ್ ರೂಮಿನ ಪಕ್ಕ ಬೇಡ. ಒಳಗೆ ಹೋಗುವುದು ಎಲ್ಲರಿಗೂ ಕಂಡರೆ ಯಾರೂ ಬರುವುದಿಲ್ಲ.

ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಎರಡು ವಾರದಿಂದ ನಿದ್ದೆಗೆಟ್ಟು ತರಗತಿ ತಪ್ಪಿಸುತ್ತಿದ್ದಾಳೆ ಎನ್ನೋಣ. ಉಪನ್ಯಾಸಕರು ಚೀಟಿಯಲ್ಲಿ ಕಂಡದ್ದನ್ನಷ್ಟೇ ಬರೆಯಲಿ. ‘ಖಿನ್ನತೆ’ ಎಂದು ತಾವೇ ತೀರ್ಮಾನಿಸಬಾರದು. ಸಮಾಲೋಚಕರು ಅವಳೊಡನೆ ಮಾತನಾಡಿ, ಅಗತ್ಯವಿದ್ದರೆ ಪೋಷಕರ ಮೂಲಕ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಲಿ.

ದಾಖಲೆ ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ, ದಿನಾಂಕ, ಮುಂದಿನ ಭೇಟಿ ಮಾತ್ರ ಸಾಕು. ಹೆಸರುಗಳ ಪಟ್ಟಿ ಬೇರೆ ಕಪಾಟಿನಲ್ಲಿ, ಸಮಾಲೋಚಕರ ಬೀಗದಲ್ಲಿರಲಿ.

ಗುಟ್ಟಿಗೂ ಮಿತಿಯಿದೆ. ಪ್ರಾಣಾಪಾಯವಿದ್ದರೆ ಮನೆಯವರಿಗೆ ಹೇಳಲೇಬೇಕು. 18 ವರ್ಷದೊಳಗಿನವರ ಮೇಲಿನ ಲೈಂಗಿಕ ದೌರ್ಜನ್ಯವನ್ನು ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಈ ಮಿತಿಯನ್ನು ಮೊದಲ ಭೇಟಿಯಲ್ಲೇ, ಮಾತು ಶುರುವಾಗುವ ಮುನ್ನ ತಿಳಿಸಬೇಕು.